ಸಿನಮನ್ ರೋಲ್ ಬಿಚ್ಚಿಕೊಳ್ಳುತ್ತದೆ, ಹೂರಣ ಸೋರುತ್ತದೆ: ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ಮೇಡಂ, ನಾನು ರಾಜಾಜಿನಗರದವಳು. ಮನೆಯ ಒಟಿಜಿಯಲ್ಲಿ ಎರಡು ಸಲ ಸಿನಮನ್ ರೋಲ್ ಮಾಡಿದೆ. 300 ಗ್ರಾಂ ಮೈದಾ ಹಿಟ್ಟನ್ನು ಒಂದು ಅಡಿ ಉದ್ದ, ಒಂದು ಗೇಣು ಅಗಲಕ್ಕೆ ಲಟ್ಟಿಸಿದ್ದೆ. ಮೊದಲ ಸಲ 100 ಗ್ರಾಂ ಬೆಣ್ಣೆ ಕರಗಿಸಿ ಹಚ್ಚಿ, 100 ಗ್ರಾಂ ಕಂದು ಸಕ್ಕರೆ ಉದುರಿಸಿದೆ. ಬೆಣ್ಣೆಯೆಲ್ಲ ತಟ್ಟೆಗೆ ಸೋರಿ ರೋಲ್ ತಳ ಕರಿದಂತಾಯಿತು. ಎರಡನೇ ಸಲ ಬೆಣ್ಣೆ 30 ಗ್ರಾಂಗೆ ಇಳಿಸಿ ಸಕ್ಕರೆ 150 ಹಾಕಿದೆ. ಈ ಸಲ ಪಾಕ ಸುರಿದು ಗಟ್ಟಿಯಾಯಿತು, ಸುತ್ತುಗಳು ಬಿಚ್ಚಿಕೊಂಡವು. ಬೆಣ್ಣೆ ಎಷ್ಟು, ಸಕ್ಕರೆ ಎಷ್ಟು ಹಾಕಬೇಕು?

ಉತ್ತರ: ಅಳತೆಗಳನ್ನು ಬರೆದು ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ಮುಖ್ಯವಾಗಿ ಆ "ಒಂದು ಅಡಿ, ಒಂದು ಗೇಣು" ಅನ್ನುವ ಮಾತು. ನಿಮ್ಮ ತೊಂದರೆಯ ಅರ್ಧ ಭಾಗ ಅದರಲ್ಲೇ ಇದೆ. ಬೆಣ್ಣೆ, ಸಕ್ಕರೆಯ ಲೆಕ್ಕ ಆಮೇಲೆ ಹೇಳುತ್ತೇನೆ. ಮೊದಲು ಹಿಟ್ಟಿನ ದಪ್ಪ ನೋಡೋಣ.

ಬಿಚ್ಚಿಕೊಳ್ಳುವುದು, ಸೋರುವುದು ಎರಡು ಬೇರೆ ಬೇರೆ ತೊಂದರೆಗಳಂತೆ ಕಾಣುತ್ತವೆ. ನಿಜಕ್ಕೂ ಎರಡಕ್ಕೂ ಕಾರಣ ಒಂದೇ. ಸುರುಳಿಯ ಒಂದು ಸುತ್ತು ಪಕ್ಕದ ಸುತ್ತಿಗೆ ಅಂಟಿಕೊಂಡಿಲ್ಲ. ಅಂಟಿಕೊಂಡಿದ್ದರೆ ಹೂರಣಕ್ಕೆ ಹರಿಯಲು ದಾರಿ ಸಿಗುವುದಿಲ್ಲ, ಸುತ್ತಿಗೆ ಬಿಚ್ಚಿಕೊಳ್ಳಲು ಜಾಗವೂ ಇರುವುದಿಲ್ಲ. ಹಸಿ ಹಿಟ್ಟು ಹಸಿ ಹಿಟ್ಟಿಗೆ ಚೆನ್ನಾಗಿ ಅಂಟುತ್ತದೆ. ನಡುವೆ ಹೂರಣ ತೆಳುವಾಗಿದ್ದರೆ ಅದನ್ನು ದಾಟಿ ಅಲ್ಲಲ್ಲಿ ಅಂಟುತ್ತದೆ. ದಪ್ಪಗಿದ್ದರೆ ಎರಡು ಪದರಗಳೂ ಒಂದನ್ನೊಂದು ಮುಟ್ಟುವುದೇ ಇಲ್ಲ. ನಡುವೆ ಬೆಣ್ಣೆಯ ಜಾರುಬಂಡೆ ಇಟ್ಟ ಹಾಗೆ.

ಈಗ ನಿಮ್ಮ ಲೆಕ್ಕ ಹಾಕಿ ನೋಡೋಣ. ಒಂದು ಅಡಿ ಅಂದರೆ 30 ಸೆಂಟಿಮೀಟರ್. ಗೇಣು ಸುಮಾರು 20. ಒಟ್ಟು 600 ಚದರ ಸೆಂಟಿಮೀಟರ್ ಜಾಗ. 300 ಗ್ರಾಂ ಮೈದಾಗೆ ಹಾಲು, ಬೆಣ್ಣೆ, ಸಕ್ಕರೆ ಸೇರಿ ಹಿಟ್ಟು ಸುಮಾರು 550 ಗ್ರಾಂ ಆಗಿರುತ್ತದೆ. ಅಷ್ಟು ಹಿಟ್ಟನ್ನು ಇಷ್ಟೇ ಜಾಗದಲ್ಲಿ ಹರಡಿದರೆ ದಪ್ಪ ಹತ್ತಿರ ಹತ್ತಿರ 1 ಸೆಂಟಿಮೀಟರ್ ಬರುತ್ತದೆ. ಅದರ ಮೇಲೆ ಮೊದಲ ಸಲ ನೀವು 200 ಗ್ರಾಂ ಹೂರಣ ಹಾಕಿದ್ದೀರಿ. ಅಂದರೆ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಜಾಗಕ್ಕೆ, ಹೆಚ್ಚು ಕಡಿಮೆ ಒಂದು ಅಂಗೈ ಅಗಲಕ್ಕೆ, 33 ಗ್ರಾಂ. ಎರಡನೇ ಸಲ 180 ಗ್ರಾಂ ಹಾಕಿದಾಗ ಅಷ್ಟೇ ಜಾಗಕ್ಕೆ 30 ಗ್ರಾಂ.

ನಾನು ಇದೇ 300 ಗ್ರಾಂ ಮೈದಾ ಹಿಟ್ಟನ್ನು 36 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲಕ್ಕೆ ಲಟ್ಟಿಸುತ್ತೇನೆ. ಜಾಗ 1080 ಚದರ ಸೆಂಟಿಮೀಟರ್ ಆಗುತ್ತದೆ. ನಾನು ಹಾಕುವ ಹೂರಣ 166 ಗ್ರಾಂ. ಅಂಗೈ ಅಗಲಕ್ಕೆ ಸುಮಾರು 15 ಗ್ರಾಂ ಬರುತ್ತದೆ. ನೋಡಿ, ಒಟ್ಟು ಹೂರಣದಲ್ಲಿ ನಿಮಗೂ ನನಗೂ ದೊಡ್ಡ ವ್ಯತ್ಯಾಸವೇ ಇಲ್ಲ. ಆದರೆ ನಿಮ್ಮ ಪದರಗಳ ನಡುವೆ ಕೂತ ಹೂರಣ ನನ್ನದರ ಎರಡರಷ್ಟು ದಪ್ಪ. ತುಂಬಾ ಜನ ಸೋರಿತು ಅಂತ ಹೂರಣ ಕಡಿಮೆ ಮಾಡುತ್ತಾ ಹೋಗುತ್ತಾರೆ, ಕೊನೆಗೆ ರುಚಿಯೇ ಇಲ್ಲದ ಬನ್ ತಿನ್ನುತ್ತಾರೆ. ನಿಮ್ಮ ವಿಷಯದಲ್ಲಿ ಮೊದಲು ಮಾಡಬೇಕಾದ್ದು ಹಿಟ್ಟನ್ನು ಇನ್ನೂ ಅಗಲವಾಗಿ ಲಟ್ಟಿಸುವುದು.

ದಪ್ಪ ಎಷ್ಟಿರಬೇಕು? ಅರ್ಧ ಸೆಂಟಿಮೀಟರ್, ಅಥವಾ ಅದಕ್ಕಿಂತ ಒಂದು ಕೂದಲು ಜಾಸ್ತಿ. ಹತ್ತು ರೂಪಾಯಿಯ ಮೂರು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟರೆ ಹೆಚ್ಚು ಕಡಿಮೆ ಅಷ್ಟು ಬರುತ್ತದೆ. ಪಕ್ಕದಲ್ಲಿಟ್ಟು ಕಣ್ಣಳತೆಯಲ್ಲಿ ನೋಡಿಕೊಳ್ಳಿ. ಆ ದಪ್ಪದಲ್ಲಿ 30 ಸೆಂಟಿಮೀಟರ್ ಅಗಲವನ್ನು ಸುತ್ತಿದರೆ ನಾಲ್ಕಕ್ಕೆ ಸ್ವಲ್ಪ ಕಡಿಮೆ ಸುತ್ತು ಸಿಗುತ್ತದೆ. ನಿಮ್ಮ 1 ಸೆಂಟಿಮೀಟರ್ ದಪ್ಪದ ಹಿಟ್ಟಿಗೆ ಎರಡು ಸುತ್ತಿಗಿಂತ ಸ್ವಲ್ಪ ಜಾಸ್ತಿ ಸಿಕ್ಕಿರಬೇಕು. ದಪ್ಪ ಹಿಟ್ಟು ಬಗ್ಗುವಾಗ ನಡುವೆ ಟೊಳ್ಳು ಉಳಿಯುತ್ತದೆ. ಹಿಟ್ಟು ಉಬ್ಬುವಾಗ ಹೊರಗಿನ ಸುತ್ತು ಇನ್ನೂ ದಪ್ಪಗಾಗಿ ಆಚೆಗೆ ವಾಲುತ್ತದೆ. ಅದನ್ನು ಹಿಡಿದುಕೊಳ್ಳಲು ಇನ್ನೊಂದು ಸುತ್ತು ಇರುವುದಿಲ್ಲ. ಹಾಗಾಗಿ ಮೊದಲು ಬಿಚ್ಚಿಕೊಳ್ಳುವುದು ಅದೇ.

ಹಾಗಂತ ಚಪಾತಿಯಷ್ಟು ತೆಳುವಾಗಿಸಬೇಡಿ. 3 ಮಿಲಿಮೀಟರ್‌ಗೆ ಇಳಿದರೆ ಬೇರೆ ತೊಂದರೆ ಶುರುವಾಗುತ್ತದೆ. ಸುತ್ತುಗಳು ಆರೇಳು ಆಗುತ್ತವೆ, ಸಕ್ಕರೆ ಹರಳು ಚುಚ್ಚಿ ಹಿಟ್ಟು ಹರಿಯುತ್ತದೆ. ಒಲೆಯಲ್ಲಿ ನಡುವಿನ ಸುತ್ತುಗಳಿಗೆ ಪಕ್ಕಕ್ಕೆ ಹಿಗ್ಗಲು ಜಾಗವಿಲ್ಲದೆ ಗೋಪುರದಂತೆ ಮೇಲೆ ಏಳುತ್ತವೆ.

ಲಟ್ಟಿಸುವಾಗ ಹಿಟ್ಟು ರಬ್ಬರಿನಂತೆ ಹಿಂದಕ್ಕೆ ಎಳೆದುಕೊಳ್ಳುತ್ತದೆ ಅಲ್ವಾ? ಬಹುಶಃ ಅದಕ್ಕೇ ನೀವು ಒಂದು ಗೇಣಿಗೆ ನಿಲ್ಲಿಸಿರಬಹುದು. ಆಗ ಅದರ ಜೊತೆ ಗುದ್ದಾಡಬೇಡಿ. ಒದ್ದೆ ಬಟ್ಟೆ ಮುಚ್ಚಿ 10 ನಿಮಿಷ ಬಿಡಿ. ನಾದುವಾಗ ಬಿಗಿಯಾದ ಅಂಟು ಅಷ್ಟರಲ್ಲಿ ಸಡಿಲವಾಗುತ್ತದೆ. ಆಮೇಲೆ ಹೇಳಿದ ಮಾತು ಕೇಳುತ್ತದೆ. ಬಲವಂತವಾಗಿ ಎಳೆದು ಅಗಲ ಮಾಡಿದ ಹಿಟ್ಟು ಸುತ್ತಿದ ಮೇಲೂ ಕುಗ್ಗಲು ನೋಡುತ್ತದೆ, ಸುರುಳಿಯನ್ನು ಒಳಗಿಂದಲೇ ತಿರುಚುತ್ತದೆ. ಹಿಟ್ಟಿನ ಹದ ಕೂಡ ಗಮನಿಸಿ. ಚಪಾತಿ ಹಿಟ್ಟಿಗಿಂತ ಸ್ವಲ್ಪ ಮೆದು, ಒಬ್ಬಟ್ಟಿನ ಕಣಕಕ್ಕಿಂತ ಗಟ್ಟಿ ಇರಬೇಕು. ನಾನು 300 ಗ್ರಾಂ ಮೈದಾಗೆ 165 ಮಿಲಿಲೀಟರ್ ಹಾಲು, 40 ಗ್ರಾಂ ಬೆಣ್ಣೆ, 40 ಗ್ರಾಂ ಸಕ್ಕರೆ, 5 ಗ್ರಾಂ ಒಣ ಯೀಸ್ಟ್, 4 ಗ್ರಾಂ ಉಪ್ಪು ಹಾಕುತ್ತೇನೆ. ಉಪ್ಪಿರುವ ಬೆಣ್ಣೆಯಾದರೆ ಉಪ್ಪನ್ನು 3 ಗ್ರಾಂಗೆ ಇಳಿಸುತ್ತೇನೆ. ಮೈದಾ ಕಂಪನಿಯಿಂದ ಕಂಪನಿಗೆ ನೀರು ಕುಡಿಯುವುದರಲ್ಲಿ ವ್ಯತ್ಯಾಸವಿದೆ, ಆದ್ದರಿಂದ ಕೊನೆಯ ಎರಡು ಚಮಚ ಹಾಲನ್ನು ಕೈಯಲ್ಲೇ ಇಟ್ಟುಕೊಂಡು ನೋಡಿ ಹಾಕಿ.

ಈಗ ಬೆಣ್ಣೆ ಮತ್ತು ಸಕ್ಕರೆ. ನಿಮ್ಮ ಎರಡು ಪ್ರಯತ್ನಗಳು ಎರಡು ತುದಿಗಳು. ಎರಡು ಸಲ ಸೋರಿದ್ದೂ ಒಂದೇ ವಸ್ತು ಅಲ್ಲ.

ಮೊದಲ ಸಲ ಸೋರಿದ್ದು ತುಪ್ಪದಂತಹ ಹಳದಿ ಜಿಡ್ಡು. ಬೆಣ್ಣೆ 32ರಿಂದ 35 ಡಿಗ್ರಿಯ ಹೊತ್ತಿಗೆ ಕರಗಿ ಹರಿಯುತ್ತದೆ. ಹಿಟ್ಟು ಒಲೆಯಲ್ಲಿ ಗಟ್ಟಿಯಾಗಲು ಶುರುವಾಗುವುದು 60 ಡಿಗ್ರಿ ದಾಟಿದ ಮೇಲೆ. ಈ ನಡುವಿನ ಕೆಲವು ನಿಮಿಷಗಳಲ್ಲಿ ಬೆಣ್ಣೆ ನೀರಾಗಿರುತ್ತದೆ, ಹಿಟ್ಟು ಇನ್ನೂ ಮೆತ್ತಗಿರುತ್ತದೆ. ಸೋರುವುದೆಲ್ಲ ಆ ಹೊತ್ತಿನಲ್ಲೇ. ಆಗ ಬೆಣ್ಣೆಯನ್ನು ಹಿಡಿದಿಡುವುದು ಸಕ್ಕರೆ ಹರಳುಗಳ ನಡುವಿನ ಸಂದುಗಳು. ಬೆಣ್ಣೆ, ಸಕ್ಕರೆ ಸಮಸಮ ಇದ್ದರೆ ಆ ಸಂದುಗಳಲ್ಲಿ ಹಿಡಿಯುವುದಕ್ಕಿಂತ ಬೆಣ್ಣೆ ಜಾಸ್ತಿಯಾಗುತ್ತದೆ. ಮಿಕ್ಕಿದ್ದು ಕೆಳಗೆ ಇಳಿಯುತ್ತದೆ, ರೋಲ್ ತಳ ಅದರಲ್ಲೇ ಕರಿದುಕೊಳ್ಳುತ್ತದೆ. ನೀವು ಬೇರೆ ಬೆಣ್ಣೆಯನ್ನು ಕರಗಿಸಿಯೇ ಹಚ್ಚಿದ್ದಿರಿ. ಹಾಗಾಗಿ ಒಲೆಗೆ ಹೋಗುವ ಮೊದಲೇ, ಸುತ್ತುವಾಗಲೇ, ಅದು ಜಾರಿ ಅಂಚಿಗೆ ಬಂದಿರುತ್ತದೆ.

ಎರಡನೇ ಸಲ ಸೋರಿದ್ದು ಕಂದು ಬಣ್ಣದ ಅಂಟು ಪಾಕ. ಇದು ಸಕ್ಕರೆಯ ಕೆಲಸ. ಸಕ್ಕರೆ ಹಿಟ್ಟಿನೊಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಹೆಚ್ಚಿದ ಹಣ್ಣಿನ ಮೇಲೆ ಸಕ್ಕರೆ ಹಾಕಿಟ್ಟರೆ ಹತ್ತು ನಿಮಿಷದಲ್ಲಿ ರಸ ಬಿಡುತ್ತದಲ್ಲ, ಹಾಗೆ. 30 ಗ್ರಾಂ ಬೆಣ್ಣೆಗೆ 150 ಗ್ರಾಂ ಸಕ್ಕರೆ ಅಂದರೆ ಒಂದಕ್ಕೆ ಐದು. ಅಷ್ಟು ಸಕ್ಕರೆಯ ಮೇಲೆ ಬೆಣ್ಣೆಯ ಲೇಪ ಕೂರುವುದಿಲ್ಲ. ಒಣ ಸಕ್ಕರೆ ಸುತ್ತುವಾಗ ಮರಳಿನಂತೆ ಉರುಳುತ್ತದೆ, ಪದರ ಜಾರುತ್ತದೆ. ಉಬ್ಬಲು ಇಟ್ಟಾಗ ನೀರು ಎಳೆದುಕೊಂಡು ಪಾಕವಾಗುತ್ತದೆ. ಒಲೆಯಲ್ಲಿ ಆ ಪಾಕ ಕುದಿಯುತ್ತದೆ, ಪದರಗಳನ್ನು ದೂರ ತಳ್ಳುತ್ತದೆ. ಅದಕ್ಕೇ ಎರಡನೇ ಸಲ ಸೋರಿಕೆಯ ಜೊತೆ ಸುತ್ತುಗಳೂ ಬಿಚ್ಚಿಕೊಂಡವು.

ನಾನು ಹಾಕುವುದು ತೂಕದಲ್ಲಿ ಒಂದು ಪಾಲು ಬೆಣ್ಣೆ, ಎರಡು ಪಾಲು ಸಕ್ಕರೆ. ನಿಮ್ಮ 300 ಗ್ರಾಂ ಮೈದಾಗೆ 50 ಗ್ರಾಂ ಬೆಣ್ಣೆ, 100 ಗ್ರಾಂ ಕಂದು ಸಕ್ಕರೆ, 8 ಗ್ರಾಂ ಚಕ್ಕೆ ಪುಡಿ. ಜೊತೆಗೆ 8 ಗ್ರಾಂ ಮೈದಾ, ಅಂದರೆ ಒಂದು ಟೇಬಲ್ ಚಮಚ. ಈ ಕೊನೆಯದನ್ನು ಬಿಡಬೇಡಿ. ಸಕ್ಕರೆ ನೀರು ಬಿಟ್ಟು ಪಾಕವಾದಾಗ ಈ ಮೈದಾ ಅದನ್ನು ಹೀರಿಕೊಂಡು ಬಿಸಿಗೆ ಗಂಜಿಯಂತೆ ಗಟ್ಟಿಯಾಗುತ್ತದೆ. ತಿನ್ನುವಾಗ ಅದು ಗೊತ್ತೇ ಆಗುವುದಿಲ್ಲ. ಕಾರ್ನ್‌ಫ್ಲೋರ್ ಕೂಡ ಹಾಕಬಹುದು, ಅರ್ಧ ಚಮಚ ಸಾಕು.

ಸಕ್ಕರೆ ಬದಲು ಬೆಲ್ಲದ ಪುಡಿ ಹಾಕಬಹುದೇ ಅಂತ ನನ್ನನ್ನು ತುಂಬಾ ಜನ ಕೇಳುತ್ತಾರೆ. ಹಾಕಬಹುದು. ಚಕ್ಕೆಗೂ ಬೆಲ್ಲಕ್ಕೂ ಒಳ್ಳೆಯ ಜೋಡಿ. ನನಗೆ ಕಂದು ಸಕ್ಕರೆಗಿಂತ ಅದರ ರುಚಿಯೇ ಇಷ್ಟ. ಆದರೆ ಬೆಲ್ಲದಲ್ಲಿ ಪಸೆ ಜಾಸ್ತಿ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಕೈಯಲ್ಲಿ ಹಿಡಿದರೆ ಉಂಡೆಯಾಗುವ ಬೆಲ್ಲವಾದರೆ ಹೂರಣದ ಮೈದಾವನ್ನು ಎರಡು ಚಮಚಕ್ಕೆ ಏರಿಸಿ. ಅಚ್ಚಿನ ಬೆಲ್ಲವನ್ನು ತುರಿದು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಗಂಟುಗಳು ಉಳಿದು, ಕರಗಿದ ಕಡೆ ಹಳ್ಳ ಬೀಳುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. ಬೆಣ್ಣೆ, ಸಕ್ಕರೆ ಸಮಸಮ ಹಾಕುವ ರೆಸಿಪಿಗಳು ಇವೆ. ಅವು ತಪ್ಪಲ್ಲ. ಸ್ವೀಡನ್ನಿನಲ್ಲಿ ಈ ರೋಲ್‌ಗೆ ಕನೆಲ್‌ಬುಲ್ಲೆ ಅನ್ನುತ್ತಾರೆ. 1999ರಿಂದ ಅಕ್ಟೋಬರ್ 4ನ್ನು ಅದರ ದಿನವೆಂದು ಆಚರಿಸುತ್ತಾರೆ. ಅಲ್ಲಿನ ಮನೆಗಳ ಹಳೆಯ ಅಳತೆಯಲ್ಲಿ ಸುಮಾರು 800 ಗ್ರಾಂ ಮೈದಾಗೆ ಹೂರಣದ ಬೆಣ್ಣೆ 100 ಗ್ರಾಂ, ಸಕ್ಕರೆ 90 ಗ್ರಾಂ. ಹೂರಣ ಅಷ್ಟು ಕಡಿಮೆ ಇರುವಾಗ ಸಮಸಮವಿದ್ದರೂ ಹಿಟ್ಟು ಕುಡಿದುಬಿಡುತ್ತದೆ. ಒಂದೊಂದನ್ನೂ ಬೇರೆ ಬೇರೆ ಪೇಪರ್ ಕಪ್‌ನಲ್ಲಿಟ್ಟು ಜೋರು ಉರಿಯಲ್ಲಿ ಹತ್ತು ನಿಮಿಷದೊಳಗೆ ಬೇಯಿಸುತ್ತಾರೆ. ನಿಮಗೆ ಬೇಕಾದದ್ದು ಅಮೆರಿಕದ ಬಗೆಯದು. ಒಂದೇ ತಟ್ಟೆಯಲ್ಲಿ ಒತ್ತೊತ್ತಾಗಿ ಕೂತ, ಒಳಗೆ ಹೂರಣ ತುಂಬಿದ ರೋಲ್. ಒಂದು ಕಡೆಯ ಪ್ರಮಾಣ, ಇನ್ನೊಂದು ಕಡೆಯ ಹೂರಣ ಸೇರಿಸಿದರೆ ತಟ್ಟೆ ತುಂಬಾ ಬೆಣ್ಣೆಯಾಗುತ್ತದೆ.

ಬೆಣ್ಣೆ ಮೆದುವಾಗಿರಬೇಕು, ಕರಗಿರಬಾರದು. ಬೆರಳಿಟ್ಟು ಒತ್ತಿದರೆ ಗುಳಿ ಬೀಳಬೇಕು. ಆ ಗುಳಿಯಲ್ಲಿ ಎಣ್ಣೆಯಂತೆ ಹೊಳಪು ಕಂಡರೆ ಹದ ಮೀರಿದೆ ಅಂತ ಅರ್ಥ. ಬೆಂಗಳೂರಿನಲ್ಲಿ ಡಿಸೆಂಬರ್ ಬೆಳಗ್ಗೆ ಫ್ರಿಜ್‌ನಿಂದ ತೆಗೆದಿಟ್ಟ ಬೆಣ್ಣೆ ಈ ಹದಕ್ಕೆ ಬರಲು ಒಂದು ಗಂಟೆಗಿಂತ ಜಾಸ್ತಿ ಬೇಕು. ಏಪ್ರಿಲ್ ಮಧ್ಯಾಹ್ನ 15 ನಿಮಿಷ ಸಾಕು, ಇನ್ನೂ ಬಿಟ್ಟರೆ ಎಣ್ಣೆಯಾಗುತ್ತದೆ. ಒಂದು ಏಪ್ರಿಲ್‌ನಲ್ಲಿ ಅಕ್ಕನ ಮಗನ ಹುಟ್ಟುಹಬ್ಬಕ್ಕೆ ಎರಡು ತಟ್ಟೆ ರೋಲ್ ಮಾಡಿದೆ. ಅಳತೆ, ಹಿಟ್ಟು ಎಲ್ಲ ಒಂದೇ. ಬೆಳಗ್ಗೆ ಎಂಟಕ್ಕೆ ಸುತ್ತಿದ್ದು ಅಚ್ಚುಕಟ್ಟಾಗಿ ಬಂತು. ಮಧ್ಯಾಹ್ನ ಎರಡಕ್ಕೆ, ಒಲೆಯ ಪಕ್ಕ ನಿಂತು ಸುತ್ತಿದ್ದು ಸೋರಿತು. ಆವತ್ತಿನಿಂದ ಬೇಸಿಗೆಯಲ್ಲಿ ಬೆಳಗ್ಗೆಯೇ ಸುತ್ತುವುದು ಅಂತ ಇಟ್ಟುಕೊಂಡಿದ್ದೇನೆ.

ಮೆದು ಬೆಣ್ಣೆ, ಸಕ್ಕರೆ, ಚಕ್ಕೆ ಪುಡಿ, ಮೈದಾ ನಾಲ್ಕನ್ನೂ ಬಟ್ಟಲಲ್ಲಿ ಮೊದಲೇ ಕಲಸಿಬಿಡಿ. ಚಟ್ನಿಯ ಹಾಗೆ ಹಚ್ಚಲು ಬರುವ ಮುದ್ದೆಯಾಗುತ್ತದೆ. ಬೆಣ್ಣೆ ಹಚ್ಚಿ ಮೇಲೆ ಸಕ್ಕರೆ ಉದುರಿಸುವ ಪದ್ಧತಿಗಿಂತ ನನಗೆ ಇದೇ ನಂಬಿಕೆಯದು. ಒಂದೊಂದು ಹರಳಿಗೂ ಬೆಣ್ಣೆಯ ಲೇಪ ಕೂರುತ್ತದೆ, ಸಕ್ಕರೆ ನೀರು ಎಳೆಯುವುದು ನಿಧಾನವಾಗುತ್ತದೆ. ಸುತ್ತುವಾಗ ಒಂದು ಹರಳೂ ಉದುರುವುದಿಲ್ಲ.

ಹಚ್ಚುವಾಗ ನಿಮ್ಮಿಂದ ದೂರವಿರುವ ಉದ್ದನೆಯ ಅಂಚಿನಲ್ಲಿ 2 ಸೆಂಟಿಮೀಟರ್ ಪಟ್ಟಿಯನ್ನು ಖಾಲಿ ಬಿಡಿ. ಅಲ್ಲಿ ಜಿಡ್ಡಿನ ಬೆರಳೂ ತಾಗಬಾರದು. ಸುರುಳಿಯನ್ನು ಮುಚ್ಚುವ ಬಾಗಿಲು ಅದು. ಒಬ್ಬಟ್ಟು ಮಾಡುವಾಗ ಕಣಕದ ಬಾಯಿಗೆ ಹೂರಣ ಮೆತ್ತಿದರೆ ಎಷ್ಟು ಒತ್ತಿದರೂ ಮುಚ್ಚುವುದಿಲ್ಲ, ಲಟ್ಟಿಸುವಾಗ ಅಲ್ಲೇ ಒಡೆಯುತ್ತದೆ. ಇಲ್ಲೂ ಅಷ್ಟೇ.

ಇನ್ನೊಂದು ವಿಷಯ ಯಾರೂ ಅಷ್ಟಾಗಿ ನೋಡುವುದಿಲ್ಲ. ಲಟ್ಟಿಸುವಾಗ ಕೆಳಗೆ ಉದುರಿಸಿದ ಒಣ ಮೈದಾ. ಹಿಟ್ಟಿನ ಕೆಳಮೈ ಸುತ್ತಿದ ಮೇಲೆ ಹೊರಮೈ ಆಗುತ್ತದೆ. ಮುಂದಿನ ಸುತ್ತಿನ ಹೂರಣ ತಾಗುವುದು ಅದಕ್ಕೇ. ಅಲ್ಲಿ ಒಣ ಮೈದಾ ಇದ್ದರೆ ಅಂಟುವುದಿಲ್ಲ. ಕೇರಂ ಬೋರ್ಡಿಗೆ ಪೌಡರ್ ಹಾಕಿದಂತೆ ಪದರ ಜಾರುತ್ತದೆ. ಕಟ್ಟೆಗೆ ಮೈದಾ ಬಹಳ ಕಡಿಮೆ ಹಾಕಿ. ಸುತ್ತುತ್ತಾ ಹೋಗುವಾಗ ಒಣಗಿದ ಬ್ರಶ್‌ನಿಂದ, ಇಲ್ಲವೇ ಒಣ ಬಟ್ಟೆಯಿಂದ ಹೊರಮೈ ಝಾಡಿಸಿಕೊಳ್ಳಿ. ನಾನು ಗ್ರಾನೈಟ್ ಕಟ್ಟೆಗೆ ಎರಡು ಹನಿ ಎಣ್ಣೆ ಸವರಿ ಅದರ ಮೇಲೆ ಲಟ್ಟಿಸುತ್ತೇನೆ. ಅಷ್ಟಕ್ಕೇ ಹಿಟ್ಟು ಅಂಟುವುದಿಲ್ಲ, ಜಾರುವುದೂ ಇಲ್ಲ.

ಸುತ್ತುವ ಕೆಲಸ ಕೈಗೆ ಬರಬೇಕು. ಪತ್ರೊಡೆ ಸುತ್ತಿ ಅಭ್ಯಾಸವಿದ್ದವರಿಗೆ ಬೇಗ ಬರುತ್ತದೆ. ನಿಮ್ಮ ಹತ್ತಿರದ ಉದ್ದನೆಯ ಅಂಚನ್ನು ಮೊದಲು ಬೆರಳಿನಷ್ಟು ಮಡಚಿ. ಆ ಮಡಿಕೆಯನ್ನು ಈ ತುದಿಯಿಂದ ಆ ತುದಿಯವರೆಗೆ ಒತ್ತುತ್ತಾ ಹೋಗಿ. ಒಳಗೆ ಗಾಳಿ ಉಳಿಯಬಾರದು. ಇದೇ ಸುರುಳಿಯ ಬೆನ್ನೆಲುಬು. ಇದು ಸಡಿಲವಾದರೆ ಮುಂದಿನ ಯಾವ ಸುತ್ತೂ ಬಿಗಿಯಾಗುವುದಿಲ್ಲ. ಆಮೇಲೆ ಎರಡೂ ಕೈ ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿ, ಉಳಿದ ಬೆರಳುಗಳಿಂದ ಸುರುಳಿಯನ್ನು ಸ್ವಲ್ಪ ನಿಮ್ಮ ಕಡೆಗೇ ಎಳೆದುಕೊಳ್ಳಿ. ಮುಂದಕ್ಕೆ ಒಂದು ಹೆಜ್ಜೆ, ಹಿಂದಕ್ಕೆ ಸಣ್ಣದೊಂದು ಎಳೆತ. ಹಿಟ್ಟಿನ ಮೈ ಬಿಗಿಯಾಗುವುದು ಬೆರಳಿಗೇ ತಿಳಿಯುತ್ತದೆ. ನಡುಭಾಗವನ್ನು ಮಾತ್ರ ಎಳೆದು ತುದಿಗಳನ್ನು ಮರೆಯುವುದು ಎಲ್ಲರಿಗೂ ಆಗುವಂಥದ್ದು. ಪ್ರತಿ ಅರ್ಧ ಸುತ್ತಿಗೊಮ್ಮೆ ಬಲ ತುದಿ, ಎಡ ತುದಿ ನೋಡಿಕೊಳ್ಳಿ.

ಎಷ್ಟು ಬಿಗಿ? ಹೂರಣ ಎರಡೂ ತುದಿಗಳಿಂದ ಪಿಚಕ್ಕನೆ ಹೊರಗೆ ಬಂದರೆ ಜಾಸ್ತಿಯಾಯಿತು. ಸುರುಳಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿದಾಗ ಒಳಗೆ ಪೊಳ್ಳು ಅನ್ನಿಸಿದರೆ ಕಡಿಮೆಯಾಯಿತು. ತೀರಾ ಬಿಗಿ ಸುತ್ತಿದರೆ ರೋಲ್ ಬಿಚ್ಚಿಕೊಳ್ಳುವುದಿಲ್ಲ, ಆದರೆ ನಡುಭಾಗ ಮೇಲೆ ಏಳುತ್ತದೆ. ಎರಡರಲ್ಲಿ ಒಂದು ಆರಿಸು ಅಂದರೆ ನಾನು ಸ್ವಲ್ಪ ಬಿಗಿ ಇರುವುದನ್ನೇ ಆರಿಸುತ್ತೇನೆ. ಎದ್ದ ನಡುಭಾಗವನ್ನು ಒಲೆಗೆ ಇಡುವ ಮೊದಲು ಬೆರಳಿನಿಂದ ಕೆಳಗೆ ಒತ್ತಬಹುದು. ಬಿಚ್ಚಿದ ಸುತ್ತನ್ನು ಮತ್ತೆ ಸೇರಿಸಲು ಆಗುವುದಿಲ್ಲ.

ಖಾಲಿ ಬಿಟ್ಟ ಪಟ್ಟಿ ಬಂದಾಗ ಅದಕ್ಕೆ ಬೆರಳಿನಿಂದ ಒಂದಿಷ್ಟು ಹಾಲು ಸವರಿ, ಒತ್ತಿ ತೆಳುವಾಗಿಸಿ. ಸುರುಳಿಯನ್ನು ಅದರ ಮೇಲೆ ಉರುಳಿಸಿ, ಉದ್ದಕ್ಕೂ ಚಿವುಟಿ ಮುಚ್ಚಿ. ಮುಚ್ಚಿದ ಗೆರೆ ಕೆಳಗೆ ಬರುವಂತೆ ತಟ್ಟೆಯಲ್ಲಿಟ್ಟು 30 ನಿಮಿಷ ಫ್ರಿಜ್‌ಗೆ ಸೇರಿಸಿ. ಈ ಅರ್ಧ ಗಂಟೆಯನ್ನು ದಯವಿಟ್ಟು ಉಳಿಸಲು ಹೋಗಬೇಡಿ. ಬೆಣ್ಣೆ ಗಟ್ಟಿಯಾಗಿ ಪದರಗಳನ್ನು ಹಿಡಿದುಕೊಳ್ಳುತ್ತದೆ, ಕತ್ತರಿಸುವಾಗ ಸುರುಳಿ ಚಪ್ಪಟೆಯಾಗುವುದಿಲ್ಲ.

ಕತ್ತರಿಸಲು ಚಾಕು ಬೇಡ. ಚಾಕು ಮೇಲಿನಿಂದ ಒತ್ತುತ್ತದೆ. ಆ ಒತ್ತಡಕ್ಕೆ ಹೂರಣ ಹೊರಗೆ ಬರುತ್ತದೆ, ಪದರಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ. ಹೂ ಕಟ್ಟುವ ಬಿಳಿ ಹತ್ತಿ ದಾರ ಹೊಸದು ತೆಗೆದುಕೊಳ್ಳಿ. ಸುರುಳಿಯ ಕೆಳಗೆ ತೂರಿಸಿ, ಎರಡೂ ತುದಿಗಳನ್ನು ಮೇಲೆ ತಂದು, ಗಂಟು ಹಾಕುವವರಂತೆ ಅಡ್ಡ ದಾಟಿಸಿ ಎಳೆಯಿರಿ. ಸುತ್ತಲಿಂದ ಒಂದೇ ಸಮ ಒಳಗೆ ಬಂದು ತುಂಡಾಗುತ್ತದೆ. 36 ಸೆಂಟಿಮೀಟರ್ ಸುರುಳಿಗೆ 4 ಸೆಂಟಿಮೀಟರ್‌ನ ಒಂಬತ್ತು ತುಂಡು.

ಅವನ್ನು 20 ಸೆಂಟಿಮೀಟರ್‌ನ ಚೌಕ ತಟ್ಟೆಯಲ್ಲಿ ಮೂರು ಮೂರರಂತೆ ಜೋಡಿಸಿ. ನಡುವೆ ಒಂದು ಬೆರಳಿನಷ್ಟು ಜಾಗವಿದ್ದರೆ ಸಾಕು. ಉಬ್ಬಿದಾಗ ಒಂದಕ್ಕೊಂದು ತಾಗಿ ಆಸರೆಯಾಗುತ್ತವೆ. ದೊಡ್ಡ ತಟ್ಟೆಯಲ್ಲಿ ದೂರ ದೂರ ಇಟ್ಟರೆ ಹೊರಗಿನ ಸುತ್ತನ್ನು ತಡೆಯುವವರೇ ಇಲ್ಲ. ಪ್ರತಿ ತುಂಡಿನ ಬಾಲವನ್ನು, ಅಂದರೆ ಸುತ್ತು ಮುಗಿಯುವ ತುದಿಯನ್ನು, ತಟ್ಟೆಯ ನಡುವಿನ ಕಡೆಗೆ, ಪಕ್ಕದ ರೋಲ್‌ಗೆ ಎದುರಾಗಿ ತಿರುಗಿಸಿ. ಬಿಚ್ಚಿಕೊಳ್ಳಲು ಹೊರಟರೂ ಪಕ್ಕದ ರೋಲ್ ಅದನ್ನು ಒತ್ತಿ ಹಿಡಿಯುತ್ತದೆ.

ಉಬ್ಬಲು ಇಡುವಾಗ ಒಂದು ಎಚ್ಚರಿಕೆ. ಬೇಗ ಆಗಲಿ ಅಂತ ತಟ್ಟೆಯನ್ನು ಬೆಚ್ಚಗಿನ ಒಟಿಜಿಯಲ್ಲೋ ಬಿಸಿಲಿನಲ್ಲೋ ಇಡುತ್ತಾರೆ. ಹಿಟ್ಟು ಉಬ್ಬುವ ಮೊದಲೇ ಬೆಣ್ಣೆ ಕರಗಿರುತ್ತದೆ. 26ರಿಂದ 28 ಡಿಗ್ರಿ ಸಾಕು, ಅಂದರೆ ನಮ್ಮೂರಿನ ಸಾಮಾನ್ಯ ದಿನದ ನೆರಳು. ಬೇಸಿಗೆಯಲ್ಲಿ ಅಡುಗೆಮನೆಯಿಂದ ಆಚೆ ತಂದು ನಡುಮನೆಯ ನೆಲದ ಮೇಲಿಡಿ. ರೆಡ್ ಆಕ್ಸೈಡ್ ನೆಲವಿರುವ ಹಳೆಯ ಮನೆಯಾದರೆ ಅದಕ್ಕಿಂತ ತಂಪಾದ ಜಾಗ ಇಲ್ಲ. ಫ್ರಿಜ್‌ನಿಂದ ಬಂದ ಹಿಟ್ಟಾದ್ದರಿಂದ ಒಂದು ಗಂಟೆ ಹಿಡಿಯಬಹುದು. ಬೆರಳಿನಿಂದ ಒತ್ತಿ ನೋಡಿ. ಗುಳಿ ತಕ್ಷಣ ಮುಚ್ಚಿಕೊಂಡರೆ ಇನ್ನೂ ಹೊತ್ತು ಬೇಕು. ನಿಧಾನವಾಗಿ ಅರ್ಧ ಮುಚ್ಚಿಕೊಂಡರೆ ಸರಿಯಾಗಿದೆ. ಹಾಗೇ ಉಳಿದರೆ ಹೊತ್ತು ಮೀರಿದೆ. ಹೊತ್ತು ಮೀರಿದ ಹಿಟ್ಟಿಗೆ ತನ್ನ ಸುತ್ತನ್ನು ಹಿಡಿದಿಡುವ ಕಸುವು ಇರುವುದಿಲ್ಲ, ಎಷ್ಟು ಚೆನ್ನಾಗಿ ಸುತ್ತಿದ್ದರೂ ಕುಸಿಯುತ್ತದೆ.

ಒಟಿಜಿಯನ್ನು 180 ಡಿಗ್ರಿಯಲ್ಲಿ, ಮೇಲಿನ ಕೆಳಗಿನ ಎರಡೂ ರಾಡ್ ಹಾಕಿ, 15 ನಿಮಿಷ ಮೊದಲೇ ಕಾಯಿಸಿ. ತಣ್ಣಗಿನ ಒಲೆಗೆ ತಟ್ಟೆ ಇಟ್ಟು ಆಮೇಲೆ ಕಾಯಿಸಿದರೆ ನಾನು ಮೇಲೆ ಹೇಳಿದ ಆ ನಡುವಿನ ಹೊತ್ತು ಉದ್ದವಾಗುತ್ತದೆ. ಬೆಣ್ಣೆ ಕರಗಿ ಆಗಿರುತ್ತದೆ, ಹಿಟ್ಟು ಗಟ್ಟಿಯಾಗಲು ಇನ್ನೂ ಹತ್ತು ನಿಮಿಷ ಬೇಕಿರುತ್ತದೆ. ನಡುವಿನ ಅರೆಯಲ್ಲಿಟ್ಟು 22ರಿಂದ 25 ನಿಮಿಷ ಬೇಯಿಸಿ. 12ನೇ ನಿಮಿಷಕ್ಕೆ ಗಾಜಿನಿಂದ ನೋಡಿ. ಯಾವುದಾದರೂ ನಡುಭಾಗ ಎದ್ದಿದ್ದರೆ ಚಮಚದ ಹಿಂಬದಿಯಿಂದ ಮೆಲ್ಲಗೆ ಒತ್ತಿ, ಬಾಗಿಲು ಬೇಗ ಮುಚ್ಚಿ. ಥರ್ಮಾಮೀಟರ್ ಇದ್ದರೆ ತಟ್ಟೆಯ ನಟ್ಟನಡುವಿನ ರೋಲ್‌ಗೆ ಚುಚ್ಚಿ ನೋಡಿ, 88ರಿಂದ 90 ಡಿಗ್ರಿ ಬಂದಿರಬೇಕು.

ಇಷ್ಟೆಲ್ಲ ಮಾಡಿದರೂ ತಳದಲ್ಲಿ ಒಂದೆರಡು ಚಮಚ ಅಂಟು ಕಾಣುತ್ತದೆ. ಅದು ಸೋರಿಕೆಯ ಲೆಕ್ಕಕ್ಕೆ ಬರುವುದಿಲ್ಲ. ಕೆಳಭಾಗದಲ್ಲಿ ಕತ್ತರಿಸಿದ ಮೈ ತಟ್ಟೆಗೆ ತಾಗಿಯೇ ಇರುತ್ತದೆ, ಅಲ್ಲಿಂದ ಸ್ವಲ್ಪ ಬಂದೇ ಬರುತ್ತದೆ. ರೋಲ್ ತಳಕ್ಕೆ ಅದು ಒಳ್ಳೆಯ ಮೆರುಗು ಕೊಡುತ್ತದೆ. ಒಂದು ರೋಲ್ ಅನ್ನು ಅಡ್ಡಕ್ಕೆ ಕೊಯ್ದು ನೋಡಿ. ಸುತ್ತುಗಳ ನಡುವೆ ಕಂದು ಗೆರೆ ಮಾತ್ರ ಕಂಡರೆ ಅಂಟಿಕೊಂಡಿದೆ. ಗೆರೆಯ ಜಾಗದಲ್ಲಿ ಖಾಲಿ ಸಂದು ಕಂಡರೆ ಮುಂದಿನ ಸಲ ಸುತ್ತು ಇನ್ನೂ ಬಿಗಿಯಾಗಬೇಕು. ಸಂದು ಇದ್ದು ತಳದಲ್ಲಿ ಹಳದಿ ಜಿಡ್ಡು ನಿಂತಿದ್ದರೆ ಬೆಣ್ಣೆ ಬಿಸಿಯಾಗಿತ್ತು. ಕಂದು ಪಾಕ ನಿಂತಿದ್ದರೆ ಹೂರಣಕ್ಕೆ ಇನ್ನೊಂದು ಚಮಚ ಮೈದಾ ಬೇಕು.

ಒಲೆಯಿಂದ ತೆಗೆದ ಮೇಲೆ ಐದು ನಿಮಿಷ ಮಾತ್ರ ತಟ್ಟೆಯಲ್ಲಿ ಬಿಡಿ. ಆಮೇಲೆ ಸುತ್ತಲೂ ಚಾಕು ಆಡಿಸಿ ಎಲ್ಲವನ್ನೂ ಒಟ್ಟಿಗೆ ಇನ್ನೊಂದು ತಟ್ಟೆಗೆ ಜಾರಿಸಿ. ತಡವಾದರೆ ತಳದ ಪಾಕ ಚಿಕ್ಕಿಯಂತೆ ಗಟ್ಟಿಯಾಗಿ, ಬಿಡಿಸುವಾಗ ಹೊರಗಿನ ಸುತ್ತು ತಟ್ಟೆಯಲ್ಲೇ ಉಳಿದುಬಿಡುತ್ತದೆ.